ತೊಗರಿಯ ಸಿಂಪರಣೆ ಮುಗಿದ ಮೇಲೆ ಲಿಥಿಯಂ ಬ್ಯಾಟರಿಯನ್ನು ಇಡತಕ್ಕ ಕ್ರಮ

ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ ಕಾಯಿಕೊರಕ ಹುಳುವಿಗಾಗಿ ಔಷಧವನ್ನು ಸಿಂಪಡಿಸುವ ಕೆಲಸವು ಹೂವಾಡುವ ಕಾಲದಲ್ಲಿ ಮೊದಲಾಗಿ ಕಾಯಿ ಬಲಿಯುವ ವೇಳೆಗೆ, ಅಂದರೆ ಸಾಮಾನ್ಯವಾಗಿ ಡಿಸೆಂಬರ್ ತಿಂಗಳಿನಲ್ಲಿ, ಮುಗಿಯುವುದು. ಆ ಬಳಿಕ ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಪಂಪಿಗೆ ಮುಂದಿನ ಮುಂಗಾರಿನವರೆಗೂ ಕೆಲಸವಿಲ್ಲ. ತೊಗರಿಯೊಂದನ್ನೇ ನೆಚ್ಚಿದ ಮನೆಗಳಲ್ಲಿ ಅದು ಮುಂದಿನ ಅಕ್ಟೋಬರಿನವರೆಗೆ ಮೂಲೆಯಲ್ಲಿಯೇ ಇರುತ್ತದೆ. ಈ ಒಂಬತ್ತು ಹತ್ತು ತಿಂಗಳುಗಳ ಮಧ್ಯದಲ್ಲಿಯೇ ಆ ಸೀಮೆಯ ಉಗ್ರವಾದ ಬೇಸಿಗೆಯೂ ಬಂದು ಹೋಗುವುದು. ಮುಂದಿನ ವರ್ಷ ಹೂವಿನ ಮೇಲೆ ಹುಳುವಿನ ಮೊಟ್ಟೆಗಳು ಕಂಡ ದಿನ ಪಂಪನ್ನು ಹೊರಗೆ ತೆಗೆದು ನೋಡಿದರೆ, ಕೆಲವು ಮನೆಗಳಲ್ಲಿ ಗುಂಡಿಯನ್ನು ಒತ್ತಿದರೂ ಅದು ಸದ್ದು ಮಾಡುವುದಿಲ್ಲ. ಮತ್ತೆ ಕೆಲವು ಮನೆಗಳಲ್ಲಿ, ಹಿಂದಿನ ವರ್ಷ ಇಪ್ಪತ್ತು ಟ್ಯಾಂಕು ಹೊಡೆಯುತ್ತಿದ್ದ ಬ್ಯಾಟರಿಯು ಹದಿಮೂರು ಹದಿನಾಲ್ಕಕ್ಕೇ ನಿಂತುಬಿಡುವುದು. ಹೊಸ ಬ್ಯಾಟರಿಯನ್ನು ಪೇಟೆಯಿಂದ ತರುವಷ್ಟರಲ್ಲಿ ಮರಿಹುಳುಗಳು ಕಾಯಿಯೊಳಗೆ ಸೇರಿರುತ್ತವೆ. ಒಳಗೆ ಸೇರಿದ ಹುಳುವಿಗೆ ಔಷಧವು ತಗಲುವುದು ಕಷ್ಟವೆಂಬುದು ತೊಗರಿ ಬೆಳೆಯುವವರೆಲ್ಲರಿಗೂ ಗೊತ್ತಿರುವ ಸಂಗತಿ.

ಇಂಥ ಸಂದರ್ಭದಲ್ಲಿ ಬ್ಯಾಟರಿಯನ್ನು ಮಾಡಿದವರನ್ನೋ ಮಾರಿದವರನ್ನೋ ದೂರುವುದು ವಾಡಿಕೆ. ಕೆಲವು ಸಲ ಆ ದೂರು ನ್ಯಾಯವಾದದ್ದೇ. ಆದರೆ ಬಹುಮಟ್ಟಿಗೆ ಬ್ಯಾಟರಿಯು ಕೆಟ್ಟಿರುವುದು ಹೊಲದಲ್ಲಿ ದುಡಿದಾಗ ಅಲ್ಲ, ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗ. ಅದನ್ನು ಎಷ್ಟು ತುಂಬಿ ಇಟ್ಟರು, ಎಷ್ಟು ಬಿಸಿಯಲ್ಲಿ ಇಟ್ಟರು ಎಂಬ ಎರಡು ವಿಷಯಗಳ ಮೇಲೆ ಅದರ ಆಯುಸ್ಸು ನಿಂತಿದೆ.

ಮೊದಲು ಪಂಪಿನಲ್ಲಿರುವ ಬ್ಯಾಟರಿಯು ಯಾವ ಜಾತಿಯದೆಂಬುದನ್ನು ತಿಳಿದುಕೊಳ್ಳತಕ್ಕದ್ದು. ಹಳೆಯ ಮಾದರಿಯ ಪಂಪುಗಳಲ್ಲಿ ಸೀಸ ಮತ್ತು ಆಮ್ಲದ ಬ್ಯಾಟರಿ ಇರುವುದು. ಅದು ಇಟ್ಟಿಗೆಯಂತೆ ಚೌಕವಾಗಿದ್ದು, ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಲಿಥಿಯಂ ಬ್ಯಾಟರಿಯು ಪ್ಲಾಸ್ಟಿಕ್ ಹಾಳೆ ಸುತ್ತಿದ ಸಣ್ಣ ಕಟ್ಟು. ಅಷ್ಟೇ ಕೆಲಸಕ್ಕೆ ಸಾಕಾಗುವ ಕಟ್ಟು ಬಹಳ ಹಗುರವಾಗಿರುತ್ತದೆ. ಈ ಭೇದವು ಮುಖ್ಯವಾದದ್ದು, ಏಕೆಂದರೆ ಎರಡನ್ನೂ ಇಡುವ ಕ್ರಮವು ಒಂದಕ್ಕೊಂದು ವಿರುದ್ಧವಾದುದು. ಸೀಸದ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಯೇ ಇಡಬೇಕು, ನಡುನಡುವೆ ಮತ್ತೆ ತುಂಬುತ್ತಲೂ ಇರಬೇಕು. ಅರ್ಧ ಖಾಲಿಯಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಗಟ್ಟಿಯಾದ ಹರಳುಗಳು ಕಟ್ಟಿ ಅದು ಕೆಡುವುದು. ಟ್ರಾಕ್ಟರಿನ ಬ್ಯಾಟರಿ, ಮನೆಯ ಯು.ಪಿ.ಎಸ್. ಬ್ಯಾಟರಿಗಳಿಂದ ಈ ಪಾಠವನ್ನು ಕಲಿತ ಬೆಳೆಗಾರರು ಅದನ್ನೇ ಲಿಥಿಯಂ ಬ್ಯಾಟರಿಗೂ ಅನ್ವಯಿಸಿ, ಹಸುರು ದೀಪ ಬರುವವರೆಗೆ ತುಂಬಿ, ತಗಡಿನ ಕೊಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಬಿಡುತ್ತಾರೆ. ಜೋಪಾನ ಮಾಡಿದವರ ಬ್ಯಾಟರಿಯೇ ಹೀಗೆ ಕೆಡುವುದು ವಿಚಿತ್ರವಾಗಿ ಕಂಡರೂ ನಿಜವಾದ ಸಂಗತಿ.

ಇದಕ್ಕೆ ಕಾರಣವಿಷ್ಟು. ಲಿಥಿಯಂ ಅಯಾನ್ ಕೋಶದ ಒಂದು ಬದಿಯಲ್ಲಿ ತಾಮ್ರದ ತೆಳುಹಾಳೆಯ ಮೇಲೆ ಬಳಿದ ಗ್ರಾಫೈಟ್, ಅಂದರೆ ಸೀಸದಕಡ್ಡಿಯಲ್ಲಿರುವ ಇಂಗಾಲವೇ, ಇರುವುದು. ಇನ್ನೊಂದು ಬದಿಯಲ್ಲಿ ಲಿಥಿಯಂ ಸೇರಿದ ಲೋಹದ ಆಕ್ಸೈಡ್ ಇರುವುದು. ಇವೆರಡರ ನಡುವೆ ಉರಿಯುವ ಗುಣವುಳ್ಳ ಒಂದು ದ್ರವವಿದೆ. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳಲ್ಲಿ ಸೇರುವುವು. ಪಂಪು ನಡೆಯುವಾಗ ಅವು ಹಿಂತಿರುಗುವುವು. ಬ್ಯಾಟರಿಯ ಶಕ್ತಿಯೆಲ್ಲವೂ ಹೀಗೆ ಓಡಾಡಬಲ್ಲ ಲಿಥಿಯಂ ಎಷ್ಟಿದೆಯೋ ಅಷ್ಟು ಮಾತ್ರ. ಲಿಥಿಯಂ ತುಂಬಿದ ಗ್ರಾಫೈಟ್ ಆ ದ್ರವದೊಡನೆ ಸುಮ್ಮನಿರಲಾರದು. ಅದು ದ್ರವವನ್ನು ಒಡೆದು ತನ್ನ ಮೈಮೇಲೆ ಒಂದು ತೆಳುಪೊರೆಯನ್ನು ಕಟ್ಟಿಕೊಳ್ಳುತ್ತದೆ. ಪೊರೆಯು ಮೊದಲಿಗೆ ಹಿತಕರವೇ ಸರಿ; ಅದಿಲ್ಲದೆ ಕೋಶವು ನಿಲ್ಲುವುದೇ ಇಲ್ಲ. ಆದರೆ ಅದು ದಪ್ಪವಾಗುತ್ತ ಹೋದಂತೆಲ್ಲ ಅದರೊಳಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಓಡಾಡಲಾರದು. ಕೋಶವು ಪೂರ್ಣವಾಗಿ ತುಂಬಿರುವಾಗ ಗ್ರಾಫೈಟಿನಲ್ಲಿ ಲಿಥಿಯಂ ಹೆಚ್ಚಾಗಿರುವುದು. ಎದುರು ಬದಿಯ ಆಕ್ಸೈಡ್ ಸಹ ಆ ಸ್ಥಿತಿಯಲ್ಲಿ ದ್ರವವನ್ನು ಕೆಡಿಸಲು ಹೆಚ್ಚು ಸಮರ್ಥವಾಗಿರುವುದು. ಇದರೊಡನೆ ಬಿಸಿಯೂ ಕೂಡಿದರೆ ಈ ಕ್ರಿಯೆಗಳೆಲ್ಲವೂ ತೀವ್ರವಾಗುವುವು.

ಎಷ್ಟು ತೀವ್ರವೆಂಬುದಕ್ಕೆ ಸಾಮಾನ್ಯ ಲಿಥಿಯಂ ಅಯಾನ್ ಕೋಶಗಳ ವಿಷಯದಲ್ಲಿ ತಜ್ಞರು ಕೊಡುವ ಅಂಕಿಗಳನ್ನು ನೋಡಬಹುದು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶೇಕಡಾ 40ರಷ್ಟು ತುಂಬಿ ಒಂದು ವರ್ಷ ಇಟ್ಟ ಕೋಶದಲ್ಲಿ ಮೂಲ ಸಾಮರ್ಥ್ಯದ ಸುಮಾರು ಶೇಕಡಾ 96 ಉಳಿಯುವುದು. ಪೂರ್ಣವಾಗಿ ತುಂಬಿ ಇಟ್ಟದ್ದರಲ್ಲಿ ಸುಮಾರು 80 ಮಾತ್ರ. 40 ಡಿಗ್ರಿಯಲ್ಲಿ ಇಟ್ಟರೆ ಮೊದಲನೆಯದರಲ್ಲಿ ಸುಮಾರು 85, ಎರಡನೆಯದರಲ್ಲಿ ಸುಮಾರು 65 ಉಳಿಯುವುದು. ಕೋಶದ ತಯಾರಿಕೆಗೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುವುವಾದರೂ ಅನುಪಾತವು ಬಹುಮಟ್ಟಿಗೆ ಹೀಗೆಯೇ. ಇಪ್ಪತ್ತು ಟ್ಯಾಂಕಿನ ಬ್ಯಾಟರಿಯು ಹದಿಮೂರಕ್ಕೆ ನಿಲ್ಲುವುದರ ಗುಟ್ಟು ಇಲ್ಲಿಯೇ ಇದೆ. ಹೀಗೆ ಹೋದ ಸಾಮರ್ಥ್ಯವು ಮತ್ತೆ ಎಷ್ಟು ಸಲ ಚಾರ್ಜು ಮಾಡಿದರೂ ಹಿಂದಕ್ಕೆ ಬರುವುದಿಲ್ಲ.

ಹಾಗಾದರೆ ಪೂರ್ತಿಯಾಗಿ ಖಾಲಿ ಮಾಡಿ ಇಡುವುದೇ ಲೇಸೆಂದು ಯಾರಾದರೂ ತರ್ಕಿಸಬಹುದು. ಅದು ಇನ್ನೂ ದೊಡ್ಡ ತಪ್ಪು. ಲಿಥಿಯಂ ಕೋಶವು ಸುಮ್ಮನಿದ್ದರೂ ತಿಂಗಳಿಗೆ ಶೇಕಡಾ ಒಂದೆರಡರಂತೆ ತಾನಾಗಿಯೇ ಇಳಿಯುತ್ತಿರುವುದು. ಕಟ್ಟಿನೊಳಗಿರುವ ರಕ್ಷಣಾ ಹಲಗೆಯೂ ತನ್ನ ಕೆಲಸಕ್ಕಾಗಿ ಅತ್ಯಲ್ಪವಾದ ವಿದ್ಯುತ್ತನ್ನು ಕುಡಿಯುತ್ತಿರುವುದು. ಹೊಲದಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ಹೊಡೆದು, ಅದೇ ಸ್ಥಿತಿಯಲ್ಲಿ ಮನೆಗೆ ತಂದು ಇಟ್ಟ ಬ್ಯಾಟರಿಯಲ್ಲಿ ಈ ವೆಚ್ಚವನ್ನು ತಡೆದುಕೊಳ್ಳುವಷ್ಟು ಶಕ್ತಿಯು ಉಳಿದಿರುವುದಿಲ್ಲ. ಕೆಲವು ತಿಂಗಳುಗಳಲ್ಲಿ ಕೋಶದ ಒತ್ತಡವು ಕೆಳಮಿತಿಯನ್ನು ದಾಟಿ ಇಳಿಯುವುದು. ಬಹಳ ಕೆಳಗೆ ಇಳಿದಾಗ ಗ್ರಾಫೈಟಿಗೆ ಆಧಾರವಾದ ತಾಮ್ರದ ಹಾಳೆಯೇ ದ್ರವದಲ್ಲಿ ಕರಗತೊಡಗುತ್ತದೆ. ಮುಂದೆ ಅದನ್ನು ಬಲವಂತವಾಗಿ ಚಾರ್ಜು ಮಾಡಿದರೆ ಕರಗಿದ ತಾಮ್ರವು ಬೇಡವಾದ ಕಡೆ ಕೂತು ಎರಡು ಬದಿಗಳನ್ನು ಒಳಗೊಳಗೇ ಜೋಡಿಸಬಲ್ಲುದು. ಅದರಿಂದ ಕೋಶವು ಕಾದು ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು. ಆದುದರಿಂದಲೇ ಅತಿಯಾಗಿ ಇಳಿದ ಬ್ಯಾಟರಿಯನ್ನು ಚಾರ್ಜರು ಸ್ವೀಕರಿಸದಿದ್ದಾಗ, ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಅದನ್ನು ಎಬ್ಬಿಸುವ ಚಾತುರ್ಯವನ್ನು ತೋರಿಸಬಾರದು. ಪೇಟೆಯ ರಿಪೇರಿ ಅಂಗಡಿಗಳಲ್ಲಿ ಇಂಥ ಚಾತುರ್ಯಕ್ಕೆ ಕೊರತೆಯಿಲ್ಲ.

ಹೀಗೆ ತುಂಬಿದ್ದೂ ಸಲ್ಲದು, ಬರಿದಾದದ್ದೂ ಸಲ್ಲದು ಎಂದಾದ ಮೇಲೆ ಉಳಿಯುವುದು ನಡುವಣ ಸ್ಥಿತಿ. ತಿಂಗಳುಗಟ್ಟಲೆ ಇಡುವ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಶೇಕಡಾ 40ರಿಂದ 50ರಷ್ಟು ಶಕ್ತಿಯಿರತಕ್ಕದ್ದು. ವಿಮಾನದಲ್ಲಿ ಸರಕಾಗಿ ಸಾಗಿಸುವ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜು ಇರಕೂಡದೆಂಬ ನಿಯಮವು 2016ರ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿದೆ. ಅದು ಮುಖ್ಯವಾಗಿ ಬೆಂಕಿಯ ಭಯದಿಂದ ಮಾಡಿದ್ದು, ಕೆಲವು ದಿನಗಳ ಪ್ರಯಾಣಕ್ಕೆ ಸಂಬಂಧಿಸಿದ್ದು; ಹತ್ತು ತಿಂಗಳು ಇಡುವವರು ಅದನ್ನೇ ಅಳತೆಯಾಗಿ ಹಿಡಿಯಬೇಕಾಗಿಲ್ಲ.

ಇನ್ನು ಅರ್ಧವೆಂಬುದನ್ನು ಮನೆಯಲ್ಲಿ ಅಳೆಯುವ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಚಿತ್ತಾಪುರದ ಕಡೆಯ ಒಬ್ಬ ಬೆಳೆಗಾರರಲ್ಲಿ ಒಂದು ಪಂಪು, ಅದಕ್ಕೆ ಎರಡು ಲಿಥಿಯಂ ಅಯಾನ್ ಬ್ಯಾಟರಿಗಳಿವೆ ಎಂದು ಇಟ್ಟುಕೊಳ್ಳೋಣ. ಪ್ರತಿಯೊಂದೂ ಮೂರು ಕೋಶಗಳ ಸಾಲಿನದು, ಮೇಲೆ 11.1 ವೋಲ್ಟು, 6 ಆಂಪಿಯರ್-ಗಂಟೆ ಎಂದು ಬರೆದಿದೆ. ಇಂಥ ಕಟ್ಟು ಪೂರ್ಣವಾಗಿ ತುಂಬಿದಾಗ 12.6 ವೋಲ್ಟು ತೋರುವುದು. ಬರಿದಾದಾಗ ಸುಮಾರು 9 ವೋಲ್ಟಿಗೆ ಇಳಿಯುವುದು. ಅರ್ಧದ ಹತ್ತಿರದಲ್ಲಿ 11.1ರಿಂದ 11.4ರ ಒಳಗೆ ಇರುವುದು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಮಲ್ಟಿಮೀಟರಿನಿಂದ ಇದನ್ನು ನೋಡಬಹುದು. ಆದರೆ ಪಂಪು ನಡೆಯುತ್ತಿರುವಾಗ ಇಲ್ಲವೆ ಚಾರ್ಜರನ್ನು ತೆಗೆದ ಕೂಡಲೆ ನೋಡಿದ ಅಂಕಿಯು ನಂಬತಕ್ಕದ್ದಲ್ಲ. ಒಂದು ಗಂಟೆಯಾದರೂ ಬ್ಯಾಟರಿಗೆ ವಿಶ್ರಾಂತಿ ಕೊಟ್ಟು ನೋಡಬೇಕು.

ಡಿಸೆಂಬರಿನ ಕೊನೆಯ ಸಿಂಪರಣೆಯ ನಂತರ ಆ ಬೆಳೆಗಾರರು ನೋಡಿದಾಗ ಮೊದಲನೆಯ ಬ್ಯಾಟರಿಯು 9.6 ವೋಲ್ಟು ತೋರಿತು. ಹೊಲದಲ್ಲಿ ಪಂಪು ನಿಂತದ್ದು ಇದರಿಂದಲೇ, ಇದು ಬರಿದಾಗಿದೆ. ಎರಡನೆಯದು ಬಳಕೆಗೇ ಬಂದಿರಲಿಲ್ಲ, ಅದು 12.5 ವೋಲ್ಟು ತೋರಿತು. ಮೊದಲನೆಯದಕ್ಕೆ ಅರ್ಧ, ಎಂದರೆ 3 ಆಂಪಿಯರ್-ಗಂಟೆ, ತುಂಬಬೇಕು. ಅವರ ಚಾರ್ಜರು 2 ಆಂಪಿಯರಿನದು. ಆದುದರಿಂದ ಒಂದೂವರೆ ಗಂಟೆಗೆ ತೆಗೆದರೆ ಸಾಕು. ಹಸುರು ದೀಪಕ್ಕಾಗಿ ಕಾಯಬಾರದು. ತೆಗೆದು ಒಂದು ಗಂಟೆಯ ಮೇಲೆ ಅದು 11.3 ವೋಲ್ಟು ತೋರಿದರೆ ಕೆಲಸವು ಸರಿಯಾಯಿತು.

ಎರಡನೆಯದನ್ನು ಇಳಿಸಬೇಕು. ಇದಕ್ಕಾಗಿ ಬೇರೆ ಉಪಾಯವನ್ನು ಹುಡುಕಬೇಕಾಗಿಲ್ಲ, ಏಕೆಂದರೆ ವರ್ಷಾಂತ್ಯದಲ್ಲಿ ಪಂಪನ್ನು ತೊಳೆಯುವ ಕೆಲಸವು ಹೇಗೂ ಇದ್ದೇ ಇದೆ. ಟ್ಯಾಂಕನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸಿದ ಹೊಲಕ್ಕೇ ಹಾಕಿ, ಅನಂತರ ಶುದ್ಧವಾದ ನೀರನ್ನು ತುಂಬಬೇಕು. ಸಿಂಪರಣೆಯ ಕೋಲಿನ ತುದಿಯನ್ನು ಟ್ಯಾಂಕಿನ ಬಾಯಿಗೇ ತಿರುಗಿಸಿ ಕಟ್ಟಿ ಪಂಪನ್ನು ನಡೆಸಿದರೆ ಅದೇ ನೀರು ಸುತ್ತುತ್ತಿರುವುದು; ಪಂಪು ಒಣಗಿ ಓಡುವ ಭಯವಿಲ್ಲ, ಕೊಳವೆಗಳೂ ಚೊಕ್ಕಟವಾಗುವುವು. ಮೂತಿಯನ್ನು ತೆಗೆಯದೆ ನಡೆಸಿದರೆ ಇಂಥ ಪಂಪು ಸುಮಾರು 2 ಆಂಪಿಯರ್ ಎಳೆಯುವುದರಿಂದ ಇಲ್ಲಿಯೂ ಒಂದೂವರೆ ಗಂಟೆಯ ಲೆಕ್ಕವೇ ಬರುವುದು. ಆದರೆ ಪಂಪುಗಳೆಲ್ಲವೂ ಒಂದೇ ಸಮನಾಗಿ ಎಳೆಯುವುದಿಲ್ಲವಾದ ಕಾರಣ ಒಂದು ಗಂಟೆಯಾದ ಮೇಲೆ ನಿಲ್ಲಿಸಿ, ವಿಶ್ರಾಂತಿ ಕೊಟ್ಟು, ಅಳೆದು, ಬೇಕಾದರೆ ಮತ್ತೆ ನಡೆಸುವುದು ಮೇಲು.

ಅರ್ಧಕ್ಕೆ ತಂದ ಬ್ಯಾಟರಿಯನ್ನು ಪಂಪಿನ ತಂತಿಗೆ ಸೇರಿಸಿಯೇ ಬಿಡುವುದು ಇನ್ನೊಂದು ತಪ್ಪು. ಕೆಲವು ಪಂಪುಗಳಲ್ಲಿ ವೋಲ್ಟು ತೋರಿಸುವ ಪುಟ್ಟ ದೀಪದ ಅಂಕಿಯು ಗುಂಡಿಯನ್ನು ಆರಿಸಿದರೂ ಆರುವುದಿಲ್ಲ. ಅದು ಎಳೆಯುವುದು ಕೇವಲ 15 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ, 3 ಆಂಪಿಯರ್-ಗಂಟೆಯನ್ನು 200 ಗಂಟೆಗಳಲ್ಲಿ, ಎಂದರೆ ಒಂಬತ್ತು ದಿನ ತುಂಬುವುದರೊಳಗೇ, ಮುಗಿಸಿಬಿಡುವುದು. ಬೆಳೆಗಾರರು ಅರ್ಧ ತುಂಬಿಯೇ ಇಟ್ಟಿದ್ದರೂ ಸಂಕ್ರಾಂತಿಯ ಹೊತ್ತಿಗೆ ಬ್ಯಾಟರಿಯು ಬರಿದಾಗಿರುವುದು. ಆದುದರಿಂದ ಪಂಪಿನ ಅಡಿಯಲ್ಲಿರುವ ಜೋಡಣೆಯನ್ನು ಕಳಚಿ, ಬ್ಯಾಟರಿಯನ್ನು ಹೊರತೆಗೆದು, ತಂತಿಯ ತುದಿಗಳು ಒಂದಕ್ಕೊಂದು ಮುಟ್ಟದಂತೆ ಬೇರೆ ಬೇರೆಯಾಗಿ ಅಂಟುಪಟ್ಟಿ ಸುತ್ತತಕ್ಕದ್ದು. ಹೀಗೆ ಬಿಡಿಯಾಗಿಟ್ಟ ಬ್ಯಾಟರಿಯು ತಿಂಗಳಿಗೆ ಶೇಕಡಾ 2ರಂತೆ ಇಳಿದರೂ ಹತ್ತು ತಿಂಗಳ ಕೊನೆಗೆ 50ರಿಂದ 30ಕ್ಕೆ ಬರುವುದಷ್ಟೆ. ಶೇಕಡಾ 10ರಲ್ಲಿ ಇಟ್ಟಿದ್ದರೆ ಅದೇ ಲೆಕ್ಕದಲ್ಲಿ ಐದನೆಯ ತಿಂಗಳಿಗೆ ಮುಗಿದುಹೋಗುತ್ತಿತ್ತು.

ಇಡುವ ಸ್ಥಳದ ವಿಷಯದಲ್ಲಿ ಹಳೆಯ ಮನೆಗಳು ಹೊಸವುಗಳಿಗಿಂತ ಉತ್ತಮ. ಶಹಾಬಾದಿನ ಕಲ್ಲು ಹಾಸಿದ, ಮಣ್ಣಿನ ಮಾಳಿಗೆಯುಳ್ಳ ಮನೆಯ ನಡುಕೋಣೆಯು ಮೇ ತಿಂಗಳಿನಲ್ಲಿಯೂ ಹೊರಗಿಗಿಂತ ತಂಪಾಗಿರುವುದು. ಅಂಥ ಕೋಣೆಯ ಒಳಗೋಡೆಯಲ್ಲಿ, ನೆಲಕ್ಕೆ ಸಮೀಪವಾದ ಗೂಡು ಬ್ಯಾಟರಿಗೆ ಒಳ್ಳೆಯ ಜಾಗ. ಹೊರಗೆ ನೆರಳಿನಲ್ಲಿಯೇ 40 ಡಿಗ್ರಿಗಿಂತ ಮೇಲಿರುವ ದಿನ ತಗಡಿನ ಮಾಡಿನ ಕೆಳಗಣ ಅಟ್ಟವು ಅದಕ್ಕಿಂತ ಬಹಳ ಹೆಚ್ಚಾಗಿ ಕಾಯುವುದು. ಅಲ್ಲಿ ಅರ್ಧ ತುಂಬಿದ ಬ್ಯಾಟರಿಯೂ ಬಾಳಲಾರದು. ತಂಪೆಂದು ಹಗೇವಿನಲ್ಲಿ ಇಡುವುದೂ, ನೀರಿನ ಗಡಿಗೆಯ ಪಕ್ಕದಲ್ಲಿ ಇಡುವುದೂ ಸರಿಯಲ್ಲ. ತೇವದಿಂದ ರಕ್ಷಣಾ ಹಲಗೆಯು ಕಿಲುಬು ಹಿಡಿಯುವುದು. ರಸಗೊಬ್ಬರ, ಮೈಲುತುತ್ತಗಳಿರುವ ಉಗ್ರಾಣದಲ್ಲಿಯೂ ಇದೇ ತೊಂದರೆ. ಹೊಟ್ಟು, ಮೇವು, ಸೀಮೆಎಣ್ಣೆಗಳ ಬಳಿ ಇಡಬಾರದೆಂಬುದಕ್ಕೆ ಕಾರಣವನ್ನು ಹೇಳಬೇಕಾಗಿಲ್ಲ. ಮುಚ್ಚಳವುಳ್ಳ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ, ತಳಕ್ಕೆ ಒಣಗಿದ ಮರಳು ಹಾಕಿ, ತುದಿಗಳನ್ನು ಚೆನ್ನಾಗಿ ಮುಚ್ಚಿದ ಬ್ಯಾಟರಿಯನ್ನು ಇಟ್ಟರೆ, ಮುಚ್ಚಳವನ್ನು ಬಿಗಿಯಾಗಿ ಬಂಧಿಸದೆ ಸಡಿಲವಾಗಿ ಬಿಟ್ಟರೆ, ಅಪಾಯವು ಕಡಿಮೆ.

ಬೇಸಿಗೆಯು ಏರುವ ಮೊದಲು, ಯುಗಾದಿಯ ಸುಮಾರಿಗೆ, ಒಂದು ಸಲ ತೆಗೆದು ಅಳೆಯುವುದು ಸಾಕಾಗುವುದು. 11 ವೋಲ್ಟಿಗಿಂತ ಕೆಳಗಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಾರ್ಜು ಕೊಟ್ಟು ಮತ್ತೆ ಇಡಬೇಕು. ಎರಡು ಬ್ಯಾಟರಿಗಳನ್ನು ಒಂದೇ ರೀತಿ ಇಟ್ಟಿದ್ದರೂ ಒಂದು ಮಾತ್ರ ಗಣನೀಯವಾಗಿ ಕೆಳಗೆ ಇಳಿದಿದ್ದರೆ ಅದರೊಳಗಿನ ಒಂದು ಕೋಶವು ಸೊರಗಿದೆಯೆಂದು ಸಂಶಯಪಡಬೇಕು. ಇಂಥದು ಚಾರ್ಜರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಹಸುರು ದೀಪವನ್ನು ತೋರಿ, ಪಂಪಿಗೆ ಹಾಕಿದ ಸ್ವಲ್ಪ ಹೊತ್ತಿಗೇ ನಿಲ್ಲುವುದು. ಹೊರಗಿನಿಂದ ಅಳೆದ ಒಟ್ಟು ವೋಲ್ಟಿನಲ್ಲಿ ಈ ದೋಷವು ಮರೆಯಾಗಿರಬಹುದಾದುದರಿಂದ ಹೂವಾಡುವುದಕ್ಕೆ ಒಂದು ತಿಂಗಳು ಮುಂಚೆಯೇ ಪೂರ್ಣವಾಗಿ ತುಂಬಿ, ಬರಿಯ ನೀರಿನಿಂದ ಎಷ್ಟು ಟ್ಯಾಂಕು ನಡೆಯುವುದೆಂದು ಎಣಿಸಿ ನೋಡುವುದು ಯುಕ್ತ. ಆಗ ಹೊಸದನ್ನು ತರಲು ಸಮಯವಿರುತ್ತದೆ.

ಇಲ್ಲಿಯವರೆಗೆ ಹೇಳಿದ ವೋಲ್ಟಿನ ಲೆಕ್ಕವು 11.1 ವೋಲ್ಟಿನ ಸಾಮಾನ್ಯ ಲಿಥಿಯಂ ಅಯಾನ್ ಕಟ್ಟಿಗೆ ಮಾತ್ರ ಸಲ್ಲುವುದು. 12.8 ವೋಲ್ಟು, LiFePO4 ಎಂದು ಬರೆದ ಬ್ಯಾಟರಿಗಳೂ ಪೇಟೆಯಲ್ಲಿವೆ. ಇವು ಕಬ್ಬಿಣದ ಫಾಸ್ಫೇಟಿನಿಂದ ಮಾಡಿದವು. ಬಿಸಿಯನ್ನು ಹೆಚ್ಚು ತಾಳುವುವು. ಅರ್ಧ ತುಂಬಿ ತಂಪಿನಲ್ಲಿಡಬೇಕೆಂಬ ನಿಯಮವು ಇವಕ್ಕೂ ಒಂದೇ. ಆದರೆ ಇವುಗಳ ಒತ್ತಡವು ಮುಕ್ಕಾಲು ತುಂಬಿದಾಗಲೂ ಕಾಲು ಭಾಗ ಉಳಿದಾಗಲೂ ಹೆಚ್ಚು ಕಡಿಮೆ 13 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿರುವುದರಿಂದ ಮಲ್ಟಿಮೀಟರಿನಿಂದ ಅರ್ಧವನ್ನು ಕಂಡುಹಿಡಿಯಲಾಗದು. ಪಂಪು ನಿಲ್ಲುವವರೆಗೆ ನೀರಿನಿಂದ ನಡೆಸಿ, ಅದೇ ದಿನ ಗಂಟೆಯ ಲೆಕ್ಕದಲ್ಲಿ ಅರ್ಧ ತುಂಬುವುದೊಂದೇ ದಾರಿ.

ಮನೆಯಲ್ಲಿ ಬಳಸದೆ ಇಟ್ಟ ಹಳೆಯ ಮೊಬೈಲ್ ಫೋನು, ಚಾರ್ಜು ಮಾಡುವ ಟಾರ್ಚುಗಳಿಗೂ ಇದೇ ನಿಯಮ. ಫೋನು ಶೇಕಡಾ 50 ತೋರುವಾಗ ಅದನ್ನು ಪೂರ್ಣವಾಗಿ ಆರಿಸಿ ಇಟ್ಟು, ಆರು ತಿಂಗಳಿಗೊಮ್ಮೆ ಹೊತ್ತಿಸಿ ನೋಡಿ ಮತ್ತೆ ಅಷ್ಟಕ್ಕೆ ತರಬೇಕು. ಚಾರ್ಜರಿಗೆ ಸದಾ ಸೇರಿಸಿಯೇ ಇಡುವುದು ಅದನ್ನು ಸದಾ ತುಂಬಿ ಇಟ್ಟಂತೆಯೇ ಸರಿ.

ಫೋನಾಗಲಿ ಪಂಪಿನ ಕಟ್ಟಾಗಲಿ ಉಬ್ಬಿದ್ದರೆ, ಸಿಹಿಯಾದ ಬಣ್ಣದೆಣ್ಣೆಯಂಥ ವಾಸನೆ ಬರುತ್ತಿದ್ದರೆ, ಅಥವಾ ಸುಮ್ಮನಿದ್ದರೂ ಮುಟ್ಟಿದಾಗ ಬೆಚ್ಚಗಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಕೂಡದು. ಅದನ್ನು ಚುಚ್ಚುವುದು, ಒಡೆಯುವುದು, ಒಲೆಗೆ ಇಲ್ಲವೆ ತಿಪ್ಪೆಗೆ ಹಾಕುವುದು ಅಪಾಯಕರ. ಮನೆಯಿಂದ ದೂರದಲ್ಲಿ, ನೆರಳಿನಲ್ಲಿ, ಮರಳು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಬೇಗನೆ ಸಾಗಿಸಬೇಕು. ಭಾರತ ಸರ್ಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯು ತಯಾರಕರದು. ಆದುದರಿಂದ ಹೊಸ ಬ್ಯಾಟರಿಯನ್ನು ಕೊಳ್ಳುವಾಗ, ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ಮಾರುವವರನ್ನು ಕೇಳಿ ಅಲ್ಲಿಗೇ ಕೊಡತಕ್ಕದ್ದು.